ಉಗಿದ ಚಹಾ, ನುಂಗಿದ ಚಹಾ

ಹೀರಕ್ಕನ ಕೆಲಸ ಚಹಾ ಉಗಿಯುವುದು. ಕೇಳಿದವರು ನಗುತ್ತಾರೆ, ಆದರೆ ಅವಳ ಹೊಟ್ಟೆ ತುಂಬಿಸಿದ್ದು ಅದೇ.

ಚಹಾ ಪೊಟ್ಟಣ ಕಟ್ಟುವ ಕಂಪನಿಯ ಮೇಲಂತಸ್ತಿನಲ್ಲಿ ಒಂದು ಉದ್ದನೆಯ ಕೋಣೆ. ಅದರ ಕಿಟಕಿಗಳೆಲ್ಲ ಉತ್ತರಕ್ಕೆ. ನೇರ ಬಿಸಿಲು ಒಳಗೆ ಬರುವುದಿಲ್ಲ. ಹಾಲಿನ ಕೆನೆಯಂಥ ಸಮನಾದ ಬೆಳಕು ಮಾತ್ರ ಮೇಜಿನ ಮೇಲೆ ಹರಡಿಕೊಂಡಿರುತ್ತದೆ. ಅಲ್ಲಿ ಹಿಡಿಯಿಲ್ಲದ ಬಿಳಿ ಪಿಂಗಾಣಿ ಬಟ್ಟಲುಗಳ ಸಾಲು. ಪ್ರತಿ ಬಟ್ಟಲಿನ ಹಿಂದೆ ಮುಚ್ಚಳ ಮಗುಚಿಟ್ಟ ಪುಟ್ಟ ಪಾತ್ರೆ, ಮುಚ್ಚಳದ ಮೇಲೆ ಬೆಂದು ಮೈಬಿಟ್ಟ ಎಲೆ. ಹೀರಕ್ಕ ಚಮಚದಲ್ಲಿ ಒಂದಿಷ್ಟು ಎತ್ತಿ, ಗಾಳಿಯ ಜೊತೆ ಸರ್ರನೆ ಬಾಯಿಗೆಳೆದು, ನಾಲಿಗೆಯ ಮೇಲೆ ಹೊರಳಿಸಿ, ಕ್ಷಣ ಕಣ್ಣು ಮುಚ್ಚಿ, ಪಕ್ಕದಲ್ಲೇ ಗಾಲಿಯ ಮೇಲೆ ಬರುವ ಪೀಕದಾನಿಗೆ ಉಗಿಯುತ್ತಾಳೆ. ಕಣ್ಣು ಮುಚ್ಚಿದ ಆ ಗಳಿಗೆಯಲ್ಲಿ ಯಾವುದೋ ಬೆಟ್ಟದ ಮಂಜು, ಯಾರದೋ ಬೆರಳು ಚಿವುಟಿದ ಚಿಗುರು, ಬಾಣಲೆಯಲ್ಲಿ ಹುರಿದ ಎಲೆಯ ಬಿಸಿ ಅವಳ ಮುಂದೆ ಹಾದುಹೋಗುತ್ತವೆ. ಆಮೇಲೆ, ಆ ಚಹಾ ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಒಂದೇ ಮಾತು: "ಒಗರು ಜಾಸ್ತಿ." ಅಥವಾ, "ಪರವಾಗಿಲ್ಲ, ತಗೊಳ್ಳಿ."

ಎದುರು ಬದಿಯಲ್ಲಿ ಅವಳಿಗೆ ಕೆಲಸ ಕಲಿಸಿದ ಹಿರಿಯರು. ಅವರು ಹೀರುವ ಸದ್ದು ಕೆಳಗಿನ ಅಂತಸ್ತಿಗೂ ಕೇಳುವುದರಿಂದ ಅವರನ್ನು ಎಲ್ಲರೂ ಸುರ್ರಣ್ಣ ಅನ್ನುತ್ತಾರೆ. ಅವರ ಶಿಷ್ಯೆಯಾದ್ದರಿಂದಲೇ ಇವಳು ಹೀರಕ್ಕ. ಅವರ ನಿಯಮ ಒಂದೇ: ಬೆಳಗಿನ ಸಾಲು ಮುಗಿಯುವವರೆಗೆ ಬಾಯಿಗೆ ಏನೂ ಹಾಕಬಾರದು. ತಿಂಡಿ ತಿಂದ ನಾಲಿಗೆ ಸುಳ್ಳು ಹೇಳುತ್ತದೆ. ಹೀರಕ್ಕ ಅದನ್ನು ವ್ರತದ ಹಾಗೆ ಪಾಲಿಸಿದವಳು.

ಮನೆಯಲ್ಲಿ ಇರುವುದು ಅವಳು ಮತ್ತು ತಂಗಿ. ತಂಗಿ ಬಟ್ಟೆ ಹೊಲಿಯುತ್ತಾಳೆ. ಸೂಜಿಯಷ್ಟೇ ಮೊನಚು ಬಾಯಿಯೂ.

"ಅಕ್ಕಾ, ನಿನ್ನಂಥವಳನ್ನ ನಾನು ನೋಡಿಲ್ಲ ಕಣೆ. ಹೊಳೆ ದಂಡೆ ಮೇಲೆ ಮನೆ ಕಟ್ಟಿಕೊಂಡು ಜನ್ಮಪೂರ್ತಿ ಬಾಯಿ ಮುಕ್ಕಳಿಸಿದ್ದೇ ಬಂತು. ಹಸಿರು ಚಹಾ ಕುಡಿದ್ರೆ ಅದು ಒಳ್ಳೇದು, ಇದು ಒಳ್ಳೇದು ಅಂತ ಊರೆಲ್ಲ ಹೇಳತ್ತೆ. ನೀನು ಆ ಒಳ್ಳೇದನ್ನೆಲ್ಲ ಪೀಕದಾನಿಗೆ ಸುರಿದು ಬರ್ತೀಯ!"

ತಮಾಷೆಯ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮಂಡಿ ನೋಯುವ ವಯಸ್ಸು ಬಂದಿತ್ತು, ಮೈಯೂ ತುಸು ಭಾರವಾಗಿತ್ತು. ಉಗಿದದ್ದೆಲ್ಲ ಎಲ್ಲಿ ಹೋಯಿತು? ಅವಳ ಕನಸಿನಲ್ಲಿ ಹಸಿರುಹಳದಿ ಹೊಳೆಯೊಂದು ಹರಿಯತೊಡಗಿತು. ಅವಳು ದಡದಲ್ಲಿ ಬೊಗಸೆಯೊಡ್ಡಿ ಕೂತಿರುತ್ತಿದ್ದಳು. ನೀರು ಬೆರಳಿನ ಸಂದಿಯಲ್ಲಿ ಸೋರಿಹೋಗುತ್ತಿತ್ತು.

ಅಂಥ ದಿನಗಳಲ್ಲೇ ಅಂಗಡಿಯಲ್ಲಿ ಆ ಡಬ್ಬಿ ಕಣ್ಣಿಗೆ ಬಿತ್ತು. ಹಸಿರು ಚಹಾದ ಗಟ್ಟಿ ಸಾರ, ಕ್ಯಾಪ್ಸೂಲಿನಲ್ಲಿ. ಹಲವು ಬಟ್ಟಲುಗಳ ಸತ್ವ ಒಂದೇ ಗುಳಿಗೆಯಲ್ಲಿ ಎಂದು ಮೇಲೆ ಬರೆದಿತ್ತು. ಹೀರಕ್ಕನಿಗೆ ಅದು ಹೊಸತಾಗಿ ಕಾಣಲೇ ಇಲ್ಲ. ಎಲೆಯೇ ತಾನೆ, ಹುಟ್ಟಿದಾರಭ್ಯ ಬಲ್ಲ ಎಲೆ. ನಾಲಿಗೆಗೆ ತಾಗದೆ ಗಂಟಲಿಗಿಳಿಯುತ್ತದೆ, ವ್ರತಕ್ಕೂ ಭಂಗವಿಲ್ಲ. ಹಾಗಾಗಿ ಬೆಳಗ್ಗೆ ಎದ್ದು, ದೇವರಿಗೆ ಕೈಮುಗಿದು, ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಅದನ್ನು ನುಂಗಿ ಕೆಲಸಕ್ಕೆ ಹೊರಡತೊಡಗಿದಳು. ಮೊದಮೊದಲು ಒಂದು, ಆಮೇಲೆ ಎರಡು. ತಂಗಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ? ಚಹಾ.

ಒಂದೆರಡು ತಿಂಗಳು ಕಳೆದ ಮೇಲೆ ಆಯಾಸ ಶುರುವಾಯಿತು. ಮೆಟ್ಟಿಲು ಹತ್ತುವಾಗ ನೀರಿನೊಳಗೆ ನಡೆದಂತೆ. ಅನ್ನ ಕಂಡರೆ ವಾಕರಿಕೆ. ಜೀವಮಾನದಲ್ಲಿ ಮೊದಲ ಬಾರಿಗೆ ಚಹಾದ ವಾಸನೆ ಬೇಡವೆನಿಸಿತು. ಮೂತ್ರದ ಬಣ್ಣ ನೋಡಿ, ಇದು ಹೆಚ್ಚು ಹೊತ್ತು ಕುದಿಸಿದ ಪುಡಿಚಹಾದ ಬಣ್ಣವಲ್ಲವೆ ಎಂದು ವೃತ್ತಿಯ ಕಣ್ಣಿನಿಂದಲೇ ಅಳೆದಳು. ನೀರು ಕಡಿಮೆ ಕುಡಿದಿರಬೇಕು ಎಂದು ಸುಮ್ಮನಾದಳು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತದೆ ಗಾದೆ. ಹಾಗೇನೂ ಆಗಲಿಲ್ಲ. ಅವಳಿಗೆ ಬಟ್ಟಲುಗಳು ಎಂದಿನಂತೆ ಬೆಳ್ಳಗೇ ಇದ್ದವು. ಕಂಡದ್ದು ಸುರ್ರಣ್ಣನಿಗೆ.

"ಹೀರಕ್ಕ, ಸ್ವಲ್ಪ ತಲೆ ಎತ್ತು." ಅವರು ಖಾಲಿ ಬಟ್ಟಲೊಂದನ್ನು ಅವಳ ಕೆನ್ನೆಯ ಪಕ್ಕ ಹಿಡಿದರು. ಬಟ್ಟಲನ್ನೂ ಕಣ್ಣನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಚಮಚ ಕೆಳಗಿಟ್ಟರು.

"ಏನ್ ಸುರ್ರಣ್ಣ, ನನಗೂ ದರ್ಜೆ ಕೊಡ್ತೀರಾ?"

"ಮೂರನೇ ಬಟ್ಟಲಿನ ಬಣ್ಣ ನಿನ್ನ ಕಣ್ಣಲ್ಲಿದೆ ತಾಯಿ. ಎದ್ದೇಳು, ಈಗಲೇ ಆಸ್ಪತ್ರೆಗೆ ಹೋಗೋಣ."

ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಲಿವರಿನ ಜೀವಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಅಂಶಗಳು ಮಿತಿಯ ಎಷ್ಟೋ ಪಟ್ಟು ಏರಿದ್ದವು. ಒಳಗೆ ಮಲಗಿಸಿದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದ ಮಾತು.

"ಕುಡಿಯೋ ಅಭ್ಯಾಸ ಇದೆಯೇನಮ್ಮಾ?"

"ಅಯ್ಯೋ ಡಾಕ್ಟ್ರೇ, ಇವಳು ಚಹಾನೇ ಉಗೀತಾಳೆ, ಇನ್ನು ಅದನ್ನ ಕುಡಿತಾಳಾ?" ಎಂದಳು ತಂಗಿ.

"ಯಾವುದಾದ್ರೂ ಮಾತ್ರೆ, ನಾಟಿ ಔಷಧಿ, ಬೇರು, ಕಷಾಯ?"

"ಏನೂ ಇಲ್ಲ," ಎಂದಳು ಹೀರಕ್ಕ. ಅವಳು ಸುಳ್ಳು ಹೇಳಲಿಲ್ಲ. ಕ್ಯಾಪ್ಸೂಲು ಅವಳ ಮನಸ್ಸಿನಲ್ಲಿ ಔಷಧಿಯ ಕಪಾಟಿನಲ್ಲಿರಲಿಲ್ಲ, ಚಹಾದ ಕಪಾಟಿನಲ್ಲಿತ್ತು. ಚೀಲದಲ್ಲಿದ್ದ ಡಬ್ಬಿಯಿಂದ ಮರುದಿನ ಬೆಳಗ್ಗೆ ಎಂದಿನಂತೆ ತೆಗೆದು ನುಂಗಿದಳು ಕೂಡ.

ಹೆಪಟೈಟಿಸ್ ವೈರಸ್ಸುಗಳ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಸ್ಕ್ಯಾನಿಂಗಿನಲ್ಲಿ ಪಿತ್ತದ ನಾಳಕ್ಕೆ ಅಡ್ಡಿಯಿರಲಿಲ್ಲ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಯ ಗುರುತೂ ಇರಲಿಲ್ಲ. ಆದರೆ ಕಣ್ಣಿನ ಹಳದಿ ಚರ್ಮಕ್ಕಿಳಿಯಿತು, ತುರಿಕೆ ಶುರುವಾಯಿತು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಉದ್ದವಾಗುತ್ತಿತ್ತು. ಡಾಕ್ಟರು ತಂಗಿಯನ್ನು ಹೊರಗೆ ಕರೆದು ಹೇಳಿದರು: "ಈ ಸಮಯ ಇನ್ನೂ ಏರಿದ್ರೆ, ಜೊತೆಗೆ ಅವರ ಮಾತು ಗೊಂದಲ ಆದ್ರೆ, ಲಿವರ್ ಸೋಲ್ತಿದೆ ಅಂತ ಅರ್ಥ. ಆಗ ಬೇರೆ ಲಿವರ್ ಹಾಕೋ ಯೋಚನೆ ಮಾಡಬೇಕಾಗತ್ತೆ. ನೀವು ಪಕ್ಕದಲ್ಲಿದ್ದು ಮಾತಾಡಿಸ್ತಾ ಇರಿ."

ಹೀರಕ್ಕ ಅರ್ಧ ನಿದ್ದೆಯಲ್ಲಿ ತೇಲುತ್ತಿದ್ದಳು. ಬಿಳಿ ಹಾಸಿಗೆಗಳ ಸಾಲು ಬಟ್ಟಲುಗಳ ಸಾಲಾಗಿ, ಅದರ ಮೇಲೆ ಮಲಗಿದವರು ಎಲೆಗಳಾಗಿ ಕಾಣುತ್ತಿದ್ದರು. ಯಾರೋ ಬಹಳ ದೊಡ್ಡವನು ಒಬ್ಬೊಬ್ಬರನ್ನೇ ಮೃದುವಾಗಿ ರುಚಿ ನೋಡುತ್ತ ಬರುತ್ತಿದ್ದಾನೆ ಅನಿಸುತ್ತಿತ್ತು. ಭಯವಾಗುತ್ತಿರಲಿಲ್ಲ. ಅವನು ಅವಸರ ಮಾಡುವವನಲ್ಲ.

ಆ ಸಂಜೆ ಡಾಕ್ಟರು ಕಾಗದಗಳನ್ನೆಲ್ಲ ಬದಿಗಿಟ್ಟು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು. "ನಾನು ಏನೋ ಕೇಳೋದು ಮರೆತಿದೀನಿ. ಹೀಗೆ ಮಾಡಿ, ನಿಮ್ಮ ಒಂದು ಬೆಳಗ್ಗೆನ ನನಗೆ ಕಥೆ ಹೇಳೋ ಹಾಗೆ ಹೇಳಿ. ಕಣ್ಣು ಬಿಟ್ಟಾಗಿಂದ."

ಹೀರಕ್ಕ ಕಣ್ಣು ಮುಚ್ಚಿಯೇ ಹೇಳಿದಳು. "ಏಳ್ತೀನಿ. ದೀಪ ಹಚ್ತೀನಿ. ನೀರು ತುಂಬಿಸ್ಕೋತೀನಿ. ಚಹಾ ನುಂಗ್ತೀನಿ. ಚಪ್ಪಲಿ ಮೆಟ್ಟಿಕೊಂಡು..."

"ನಿಲ್ಲಿ. ಚಹಾ ಕುಡಿತೀರಾ, ನುಂಗ್ತೀರಾ?"

"ನುಂಗ್ತೀನಿ. ಗುಳಿಗೆ."

ತಂಗಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಚೀಲದಿಂದ ಡಬ್ಬಿ ಹೊರಬಂತು. ಡಾಕ್ಟರು ಅದರ ಹಿಂಬದಿಯ ಸಣ್ಣಕ್ಷರ ಓದಿ ನಿಟ್ಟುಸಿರುಬಿಟ್ಟರು.

"ಅಲ್ವೇ ಅಕ್ಕಾ, ಇಷ್ಟು ಜನ ಕೇಳಿದಾಗ್ಲೂ ಬಾಯಲ್ಲೇನು ಕಡುಬಿತ್ತಾ?" ತಂಗಿ ಅಳುತ್ತಲೇ ಬೈದಳು. "ಚಹಾದಿಂದ ಯಾರಿಗಾದ್ರೂ ಹೀಗಾಗತ್ತಾ ಡಾಕ್ಟ್ರೇ?"

"ಕುದಿಸಿ ಸೋಸಿ ಕುಡಿಯೋ ಚಹಾದ ಮೇಲೆ ನನ್ನ ತಕರಾರಿಲ್ಲ. ಎಲೆಯಲ್ಲಿ ಕ್ಯಾಟೆಚಿನ್ ಅನ್ನೋ ಅಂಶಗಳಿವೆ, ನೀವು ಒಗರು ಅಂತೀರಲ್ಲ, ಬಹುಪಾಲು ಅದೇ. ಹಸಿರು ಚಹಾದಲ್ಲಿ ಅವುಗಳ ಪೈಕಿ ಜಾಸ್ತಿ ಇರೋದು ಇಜಿಸಿಜಿ. ಬಟ್ಟಲಲ್ಲಿ ಅದು ಸ್ವಲ್ಪಸ್ವಲ್ಪವಾಗಿ, ದಿನವಿಡೀ ಹಂಚಿಕೊಂಡು ಒಳಗೆ ಹೋಗತ್ತೆ. ಇದರಲ್ಲಿ ರಾಶಿ ಒಟ್ಟಿಗೆ. ಅದೂ ಖಾಲಿ ಹೊಟ್ಟೆಗೆ ಹಾಕಿದ್ರೆ ರಕ್ತಕ್ಕೆ ಇನ್ನೂ ಜಾಸ್ತಿ ಸೇರತ್ತೆ. ಹಾಗಿದ್ರೂ ನುಂಗಿದ ಬಹಳಷ್ಟು ಜನಕ್ಕೆ ಏನೂ ಆಗಲ್ಲ. ಅಪರೂಪಕ್ಕೆ ಕೆಲವರ ಲಿವರ್ ತಡ್ಕೊಳ್ಳಲ್ಲ. ಹುಟ್ಟಿನಿಂದ ಬಂದ ದೇಹದ ಗುಣವೂ ಅದಕ್ಕೆ ಒಂದು ಕಾರಣ ಇರಬಹುದು ಅಂತಾರೆ."

"ಅದೇ ಅಂತ ಖಾತ್ರಿ ಹೇಗೆ?"

"ಇದೇ ಅಂತ ತೋರಿಸೋ ಪರೀಕ್ಷೆ ಇಲ್ಲ. ಬೇರೆಲ್ಲ ಅಲ್ಲ ಅಂತ ಆಗಿದೆ. ಇದನ್ನ ನಿಲ್ಲಿಸಿ ಕಾಯೋದು. ಹೆಚ್ಚಿನವರು ನಿಲ್ಲಿಸಿದ ಮೇಲೆ ಚೇತರಿಸ್ಕೋತಾರೆ. ಎಲ್ಲರೂ ಅಂತ ಮಾತು ಕೊಡಲಾರೆ."

ಕಾಯುವುದೇ ಔಷಧಿಯಾಯಿತು. ತಂಗಿ ಹೊಲಿಗೆಯನ್ನು ಅಲ್ಲಿಗೇ ತಂದು ಕೂತಳು. ಗಳಿಗೆಗೊಮ್ಮೆ, "ಅಕ್ಕಾ, ಇವತ್ತು ಯಾವ ವಾರ? ನಾನ್ಯಾರು?" ಎಂದು ಕೇಳುವಳು. "ನನ್ನ ಜೀವ ತಿನ್ನೋಳು" ಎಂದು ಉತ್ತರ ಬಂದರೆ ಸಮಾಧಾನದಿಂದ ದಾರ ಪೋಣಿಸುವಳು.

ಒಂದು ಬೆಳಗ್ಗೆ ಹೀರಕ್ಕ ಕಣ್ಣು ಬಿಟ್ಟು, ಗೋಡೆ ನೋಡಿ, ನಿಧಾನವಾಗಿ ಹೇಳಿದಳು: "ಬೆಳಕು ತಪ್ಪಿದೆ. ಈ ಬೆಳಕಲ್ಲಿ ಬಣ್ಣ ಹೇಳೋಕಾಗಲ್ಲ. ಬಟ್ಟಲು ಆ ಕಡೆ ಇಡಿ."

ತಂಗಿಯ ಕೈಯಲ್ಲಿದ್ದ ಸೂಜಿ ಎಲ್ಲೋ ಬಿತ್ತು. "ಡಾಕ್ಟ್ರೇ, ಅಕ್ಕ ಏನೇನೋ ಮಾತಾಡ್ತಿದಾಳೆ!" ಎಂದು ಬರಿಗಾಲಲ್ಲಿ ಓಡಿದಳು. ಡಾಕ್ಟರು ಬಂದು ಹೀರಕ್ಕನ ಎರಡೂ ಕೈಗಳನ್ನು ಚಾಚಿಸಿ, ನಡುಗುತ್ತವೆಯೇ ಎಂದು ನೋಡಿದರು. ಹೆಸರು ಕೇಳಿದರು, ತಿಂಗಳು ಕೇಳಿದರು. ಕೊನೆಗೆ, "ಯಾವ ಬೆಳಕು ತಪ್ಪಿದೆ?" ಎಂದರು.

"ಆ ಕಿಟಕಿ ದಕ್ಷಿಣಕ್ಕಿದೆ ಡಾಕ್ಟ್ರೇ. ಬಣ್ಣ ನೋಡೋಕೆ ಉತ್ತರದ ಬೆಳಕು ಬೇಕು. ನನ್ನ ಕಣ್ಣಿನ ಹಳದೀನ ನೀವು ಇಲ್ಲಿ ನೋಡಿದ್ರೆ ಹೇಗೆ ಸರಿಯಾಗಿ ಗೊತ್ತಾಗತ್ತೆ?"

ಡಾಕ್ಟರು ಕಿಟಕಿಯತ್ತ ತಿರುಗಿ, ಸೂರ್ಯನನ್ನು ನೋಡಿ, ಬಾಯ್ತುಂಬ ನಕ್ಕರು. "ತಲೆ ಸರಿಯಾಗಿದೆ. ನನ್ನದಕ್ಕಿಂತ ಚೆನ್ನಾಗಿದೆ." ಮಧ್ಯಾಹ್ನ ಬಂದ ರಕ್ತದ ವರದಿಯಲ್ಲಿ ಹೆಪ್ಪುಗಟ್ಟುವ ಸಮಯ ಏರಿರಲಿಲ್ಲ. ಮುಂದಿನ ವರದಿಯಲ್ಲಿ ತುಸು ಇಳಿದಿತ್ತು. ತಂಗಿ ಹಾಸಿಗೆಯ ಅಡಿ ಬಗ್ಗಿ, ಕಳೆದುಹೋದ ಸೂಜಿ ಹುಡುಕುವ ನೆಪದಲ್ಲಿ ಬಹಳ ಹೊತ್ತು ಅಲ್ಲೇ ಅತ್ತಳು.

ಹಳದಿ ಇಳಿಯಲು ವಾರಗಳೇ ಹಿಡಿದವು. ರಕ್ತದ ವರದಿ ಪೂರ್ತಿ ಸರಿಹೋಗಲು ಇನ್ನೂ ತಡವಾಯಿತು. ಸಾರದ ಗುಳಿಗೆಯನ್ನು ಇನ್ನೆಂದೂ ಮುಟ್ಟಬಾರದು, ಮತ್ತೆ ತೆಗೆದುಕೊಂಡರೆ ಮತ್ತೆ ಹೀಗೇ ಆಗಬಹುದು, ಎಂದರು ಡಾಕ್ಟರು. ಹಸಿರು ಚಹಾವನ್ನು ಕುಡಿಯುವುದೂ ಇವಳಿಗೆ ಬೇಡ. "ಉಗಿಯೋದು?" ಎಂದು ಹೀರಕ್ಕ ಕೇಳಿದಾಗ, "ಅದನ್ನ ಧಾರಾಳವಾಗಿ ಮಾಡಿ," ಎಂದರು.

ಅವಳು ಮೇಲಂತಸ್ತಿಗೆ ಮರಳಿದ ದಿನ ಸುರ್ರಣ್ಣ ಆ ಡಬ್ಬಿಯ ಒಂದು ಗುಳಿಗೆಯನ್ನು ಬಿಚ್ಚಿ, ಬಿಸಿನೀರಲ್ಲಿ ಕದಡಿ, ತಾವೇ ಹೀರಿ, ಮುಖ ಕಿವುಚಿ ಉಗಿದರು. ಮೂರು ಸಲ ಬಾಯಿ ತೊಳೆದರು. "ಇದನ್ನ ಒಂದು ಸಲ ನಾಲಿಗೆ ಮೇಲೆ ಇಟ್ಟಿದ್ರೆ ನೀನು ನುಂಗ್ತಾನೇ ಇರಲಿಲ್ಲ. ಬಾಗಿಲಲ್ಲಿ ಕಾವಲುಗಾರನ್ನ ಕೂರಿಸಿ ನೀನು ಹಿತ್ತಿಲಿಂದ ಕಳ್ಳನ್ನ ಬಿಟ್ಕೊಂಡೆ ಕಣೆ."

ಹೀರಕ್ಕ ತನ್ನ ಮೇಜಿನ ಮುಂದೆ ಬಂದು ನಿಂತಳು. ಅವಳು ಅಂದು ಇಡ್ಲಿಯಷ್ಟೇ ಮೃದುವಾದ ಎರಡು ತುಂಡು ಬ್ರೆಡ್ಡು ತಿಂದು, ನೀರಿನಿಂದ ಬಾಯಿ ಮುಕ್ಕಳಿಸಿ ಬಂದಿದ್ದಳು. ತಂಗಿ ಬಾಗಿಲಿಗೆ ಅಡ್ಡ ನಿಂತು ತಿನ್ನಿಸಿದ್ದಳು. ನಾಲಿಗೆ ಸುಳ್ಳು ಹೇಳುತ್ತದೋ ನೋಡೋಣ ಎಂದು ಮೊದಲ ಬಟ್ಟಲಿಗೆ ಚಮಚ ಇಳಿಸಿದಳು. ಸರ್ರೆಂದಳು. ಮಂಜು ಬಂತು, ಬೆಟ್ಟ ಬಂತು, ಯಾರದೋ ಬೆರಳು ಬಂತು. ಹಸಿರುಹಳದಿ ಹೊಳೆಯೂ ಬಂತು, ತನ್ನ ಪಾಡಿಗೆ ಹರಿದುಹೋಯಿತು. ಅವಳು ಬೊಗಸೆಯೊಡ್ಡಲಿಲ್ಲ.

ಉಗಿದಳು.

"ಏನಂತೆ?" ಎಂದರು ಸುರ್ರಣ್ಣ. ಕೇಳುತ್ತಲೇ ಖಾಲಿ ಬಟ್ಟಲೊಂದನ್ನು ಅವಳ ಕೆನ್ನೆಯ ಪಕ್ಕ ಹಿಡಿದು, ಉತ್ತರದ ಬೆಳಕಿನಲ್ಲಿ ಕಣ್ಣು ನೋಡುತ್ತಿದ್ದರು. ಎರಡೂ ಒಂದೇ ಬಿಳುಪು.

"ಒಗರು ಹದವಾಗಿದೆ," ಎಂದಳು ಹೀರಕ್ಕ. "ತಗೊಳ್ಳಿ."