ಅಕ್ಕನ ನೌಕರಿ, ಎಪ್ಪತ್ತು ಮಂದಿಗೆ ಒಂದೇ ಥ್ಯಾಂಕ್ಸ್

ನೀವು ನಂಬಂಗಿಲ್ಲ, ಗೊತ್ತದ. ನಾನೂ ಸ್ವಲ್ಪ ಉಪ್ಪು ಖಾರ ಹಚ್ಚೇ ಹೇಳಾಂವ. ಆದ್ರ ಒಂದು ಉತ್ತರಕ್ಕ ಅಕ್ಕ ಬರ್ದು ಬರ್ದು ಅಳಿಸಿದ್ದು ಖರೇ.

ವಾಡಿ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿ ಲ್ಯಾಬಿನಾಗ ಅಕ್ಕಗ ನೌಕರಿ ಸಿಕ್ತು. ನೌಕರಿ ಮಂದಿ ಎಲ್ಲ ಇರ್ತಾರಲ್ಲ, ಆ ಆ್ಯಪಿನಾಗ ಬೆಳಿಗ್ಗಿ ಸುದ್ದಿ ಹಾಕಿದ್ಳು. ಮಧ್ಯಾಹ್ನದೊಳಗ ಎಪ್ಪತ್ತು ಮಂದಿ ಅಭಿನಂದನೆ ಬರ್ದಿದ್ರು. ಶಹಾಬಾದಿನ ಒಬ್ಬ ದೂರದ ಕಾಕಾ ಅಂತೂ ಅಕ್ಕನ್ನ ಅಲ್ಲ, ತನ್ನನ್ನೇ ಹೊಗಳಿಕೊಂಡಿದ್ದ. ಅಕ್ಕ ಒಂದೇ ಸಾಲು ಕಾಪಿ ಮಾಡಿ ಎಲ್ಲರ ಕೆಳಗೂ ಅಂಟಿಸಿದ್ಳು: ‘ಧನ್ಯವಾದ, ನಿಮ್ಮ ಮಾರ್ಗದರ್ಶನ ನನಗ ಭಾಳ ದೊಡ್ಡದು.’ ಇಂಗ್ಲಿಷಿನಾಗ ಇತ್ತು, ಅದಕ್ಕ ಇನ್ನೂ ದೊಡ್ಡದು ಕಾಣ್ತಿತ್ತು.

ಆಮ್ಯಾಲೆ ಆಕಿ ಹೊಸ ಮ್ಯಾನೇಜರ್ ಬರ್ದ್ರು. ಇಂಟರ್ವ್ಯೂದಾಗ ಸುಣ್ಣದ ಕಲ್ಲಿನ ರಿಪೋರ್ಟ್ ಕೈಗೆ ಕೊಟ್ಟಾಗ, ಸ್ಯಾಂಪಲ್ ಎಲ್ಲಿಂದ ತಂದಿದ್ದು ಅಂತ ಆಕಿ ತಿರುಗಿ ಕೇಳಿದ್ಳಂತ. ಅದು ತಮಗ ಇನ್ನೂ ನೆನಪದ ಅಂತ ಬರ್ದಿದ್ರು.

ಅಕ್ಕ ಲ್ಯಾಪ್‌ಟಾಪ್ ಮುಂದ ನೆಟ್ಟಗ ಕುಂತ್ಳು. ಆರು ತಿಂಗಳು ಪ್ರೊಬೇಶನ್, ಅವರ ಕೈಕೆಳಗೇ. ಮ್ಯಾಲಿನ ಎಪ್ಪತ್ತೂ ಉತ್ತರ ಅವರಿಗೂ ಕಾಣ್ತಾವ. ಅದೇ ಸಾಲು ಅವರಿಗೂ ಅಂಟಿಸಿದ್ರ ಗಿಳಿ ಅಂತಾರ. ಬಾಕ್ಸಿನ ಕೆಳಗ ಆ್ಯಪೇ ರೆಡಿ ಮಾಡಿಟ್ಟ ‘ಥ್ಯಾಂಕ್ಯೂ ಸರ್’ ಒತ್ತಿದ್ರ ಇನ್ನೂ ಕೆಟ್ಟದ್ದು. ಸುಮ್ಮನಿದ್ರ ಸೊಕ್ಕು ಅಂತಾರ.

ಲ್ಯಾಪ್‌ಟಾಪ್ ನನ್ನ ಕಡೆ ಕೊಡು ಅಂದೆ. ನಾಕು ಬರ್ದೆ. ಒಂದರಾಗ ಅವರನ್ನ ಸೂರ್ಯ ಮಾಡಿದೆ, ಇನ್ನೊಂದರಾಗ ಅಕ್ಕನ್ನ ಅವರ ಬೆಳಕಿನಾಗ ಅರಳೋ ಹೂ. ಅಕ್ಕ ಓದಿ, “ಇದು ಮದುವಿ ಪತ್ರಿಕಿ ಏನ್ಲೇ?” ಅಂದು ಎಲ್ಲಾ ಅಳಿಸಿದ್ಳು.

ಆಮ್ಯಾಲೆ ತಾನೇ ಬರದ್ಳು, ಅಳಿಸಿದ್ಳು, ಮತ್ತ ಬರದ್ಳು. ಕಡೀಗಿ ಉಳಿದದ್ದು ಇಷ್ಟು: ‘ಸರ್, ಹಂಗ ತಿರುಗಿ ಕೇಳಿಬಿಟ್ಟು ನಾನೇ ಹೆದರಿದ್ದೆ. ನೌಕರಿ ಹೋತು ಅಂದ್ಕೊಂಡು ಬಸ್‌ಸ್ಟ್ಯಾಂಡ್ ತನಕ ನನಗೇ ಬೈಕೋತ ಹೋದೆ. ಸ್ಯಾಂಪಲ್ ಎಲ್ಲಿಂದ ತಂದಿದ್ದಂತ ಇನ್ನೂ ಹೇಳಿಲ್ಲ ನೀವು.’

ಹಾಕಬ್ಯಾಡ, ಹೆದರಿದೆ ಅಂತ ಯಾರರ ಬಾಸ್‌ಗೆ ಬರೀತಾರೇನು ಅಂದೆ. ಆಕಿ ಬೆರಳು ಪೋಸ್ಟ್ ಬಟನ್ ಮ್ಯಾಲೆ ನಿಂತುಬಿಡ್ತು. ಒತ್ತಲೂ ಇಲ್ಲ, ತಗೀಲೂ ಇಲ್ಲ. ಅಲ್ಲಿ ಮಟ ನಾನೂ ಉಸಿರು ಬಿಡ್ಲಿಲ್ಲ. ಒಂದು ತಾಸರ ಆಗಿರ್ಬೇಕು.

ಅಷ್ಟರಾಗ ಅವ್ವ ಬಂದ್ಳು. ಸೇಡಂದಾಗ ಸಾಲಿ ಟೀಚರ್, ಹೆಗಲ ಮ್ಯಾಲೆ ಬ್ಯಾಗ್ ಹಂಗೇ ಇತ್ತು. ಕೈಯಾಗಿನ ಫೋನ್ ಅಕ್ಕನ ಮುಂದ ಹಿಡಿದ್ಳು; ಆಕಿ ಬರ್ದ ಅಭಿನಂದನೆ ಕೆಳಗೂ ಅದೇ ಸಾಲು.

“ಸ್ಟಾಫ್ ರೂಮಿನಾಗ ಎಲ್ಲಾರೂ ನಕ್ಕರು. ನನ್ನ ಮಗಳಿಗಿ ನನ್ನ ಮಾರ್ಗದರ್ಶನ ಭಾಳ ದೊಡ್ಡದಂತ. ಬೆಳಿಗ್ಗಿ ನಿನ್ನ ಜಡಿ ಹಾಕಿದಾಕಿ ಯಾರವ್ವ?”

ಅಕ್ಕನ ಮುಖ ನೆಲಕ್ಕ ಇಳೀತು. ಅವ್ವ ಬಗ್ಗಿ ಸ್ಕ್ರೀನ್ ಓದಿದ್ಳು, ಎರಡು ಸಲ.

“ಇದೊಂದು ನೀ ಬರ್ದದ್ದು,” ಅಂದು ತಾನೇ ಬಟನ್ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿಬಿಟ್ಳು.