ನೂರೈವತ್ತು ಡಾಲರಿಗೆ ಹೋದ ಮನೆ

ಡೆಟ್ರಾಯಿಟ್ ಕಡೆಯ ಕನ್ನಡ ಮನೆಗಳಲ್ಲಿ ಜೋಳದ ರೊಟ್ಟಿ ತಿಂದವರಿಗೆಲ್ಲ ಅಸ್ಗರಿ ಗೊತ್ತು. ಶನಿವಾರ ಬೆಳಗ್ಗೆ ಟ್ರಾಯ್‌ನಿಂದ ಎಂಟು ಮೈಲಿ ಕಾರು ಓಡಿಸಿ ಬಂದು, ಅವಳ ಸ್ಟರ್ಲಿಂಗ್ ಹೈಟ್ಸ್ ಮನೆಯ ಗರಾಜಿನ ಬಾಗಿಲಲ್ಲಿ ಕಟ್ಟು ಕಟ್ಟು ರೊಟ್ಟಿ ಕೊಂಡು ಒಯ್ದವರು ನಾವು. ಆ ಮನೆ ಈಗ ಅವಳದಲ್ಲ. ಹೇಗೆ ಹೋಯಿತೆಂದು ಕೇಳಿದರೆ ನಮ್ಮವರು “ಪಾಪ, ಎಕಾನಮಿ” ಅನ್ನುತ್ತಾರೆ. ಎಕಾನಮಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ.

ಅಸ್ಗರಿ, ಅವಳ ಗಂಡ ವಾಹಿದ್ ಇಬ್ಬರೂ ವಿಜಾಪುರ ಜಿಲ್ಲೆಯ ಹಳ್ಳಿಗಳವರು, ಮನೆಯೊಳಗೂ ಕನ್ನಡವೇ. ವಾಹಿದ್ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅಳತೆ ನೋಡುವ ಇನ್‌ಸ್ಪೆಕ್ಟರ್. ಬಡ್ಡಿಯ ವ್ಯವಹಾರ ಪಾಪವೆಂದು ನಂಬಿದ ಮನುಷ್ಯ ಹನ್ನೆರಡು ವರ್ಷ ಬಾಡಿಗೆ ಮನೆಯಲ್ಲೇ ಕಳೆದ. 2001ರಲ್ಲಿ ಬೇರೆ ದಾರಿ ಕಾಣದೆ ಈ ಮನೆ ಕೊಳ್ಳಲು ಬ್ಯಾಂಕಿನಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ಸಾಲ ತೆಗೆದ: ಏಳು ಪರ್ಸೆಂಟ್, ಮೂವತ್ತು ವರ್ಷ, ತಿಂಗಳಿಗೆ ಏಳುನೂರ ತೊಂಬತ್ತೆಂಟು ಡಾಲರ್ ಕಂತು. ಐದು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನಲ್ಲಿ ಕರಗಿದ್ದು ಏಳು ಸಾವಿರ ಮಾತ್ರ.

2006ರ ಸೆಪ್ಟೆಂಬರಿನಲ್ಲಿ ಅಸ್ಗರಿಯ ಕೈಗೆ ಇಪ್ಪತ್ನಾಲ್ಕು ಸಾವಿರ ಬಂತು. ತವರಿನ ಹೊಲದಲ್ಲಿ ಅವಳ ಪಾಲು, ಜತೆಗೆ ರೊಟ್ಟಿಯ ದುಡ್ಡು. ಸಾಲಕ್ಕೆ ಕಟ್ಟೋಣ ಎಂಬುದರಲ್ಲಿ ಗಂಡ ಹೆಂಡತಿ ಇಬ್ಬರದೂ ಒಂದೇ ಮಾತು. ಜಗಳ ಎದ್ದದ್ದು ಹೇಗೆ ಕಟ್ಟುವುದು ಎಂಬುದಕ್ಕೆ.

“ಕಂತು ಕಡಿಮಿ ಮಾಡಸ್ರಿ,” ಅಂದಳು ಅಸ್ಗರಿ. “ನಿಮ್ಮ ಪ್ಲ್ಯಾಂಟಿನ್ಯಾಗ ಓವರ್‌ಟೈಮ್ ನಿಂತು ವರ್ಷ ಆತು. ನಾಳಿ ಕೆಲಸಾನೂ ನಿಂತ್ರ?”

“ಬಡ್ಡಿ ಲಗೂನ ಮುಗೀಬೇಕಲೇ. ಸಾಯೂತನಕ ಬಡ್ಡಿ ಕಟ್ಟಿ ಹೋಗ್ಲೇನು ನಾನು?”

ರೊಟ್ಟಿಗೆಂದು ಬಂದಿದ್ದ ರಘೋತ್ತಮ ಗರಾಜಿನಲ್ಲೇ ಲ್ಯಾಪ್‌ಟಾಪ್ ತೆರೆದ. ಮೈಸೂರಿನ ಹುಡುಗ, ಟ್ರಾಯ್‌ನಲ್ಲಿ ಐಟಿ ಕೆಲಸ, ಲೆಕ್ಕದಲ್ಲಿ ಚುರುಕು.

“ಅಂಕಲ್, ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ? ಇಪ್ಪತ್ನಾಲ್ಕು ಸಾವಿರ ಅಸಲಿಗೆ ಹಾಕಿ ಇದೇ ಕಂತು ಕಟ್ತಾ ಹೋದ್ರೆ ಇನ್ನಿಪ್ಪತ್ತೈದು ವರ್ಷದ ಸಾಲ ಹದಿನೈದಕ್ಕೇ ಕ್ಲೋಸ್. ಬಡ್ಡಿಲಿ ಎಪ್ಪತ್ತೊಂದು ಸಾವಿರ ಸೇವ್ ಆಗತ್ತೆ. ಆಂಟಿ ಹೇಳೋ ಹಾಗೆ ಕಂತು ಇಳಿಸಿದ್ರೆ ತಿಂಗಳಿಗೆ ಆರುನೂರ ಇಪ್ಪತ್ತೊಂಬತ್ತು, ಆದ್ರೆ ಇಪ್ಪತ್ತೈದು ವರ್ಷ ಹಾಗೇ ಉಳಿಯತ್ತೆ. ಸೇವಿಂಗ್ ಇಪ್ಪತ್ತೇಳು ಸಾವಿರ ಅಷ್ಟೇ.”

“ಎಪ್ಪತ್ತೊಂದು ಸಾವಿರ ನಿನ್ನ ಪೆಟ್ಟಿಗ್ಯಾಗ ಅದಾವಪಾ,” ಅಂದಳು ಅಸ್ಗರಿ. “ಅಂಗಡಿಗೆ ಒಯ್ದ್ರ ಹಾಲು ಕೊಡ್ತಾರೇನು?”

ಎಲ್ಲರೂ ನಕ್ಕರು. ನಕ್ಕು ಅವಳ ಮಾತನ್ನು ಅಲ್ಲೇ ಬಿಟ್ಟರು.

ರಘೋತ್ತಮನ ಲೆಕ್ಕದಲ್ಲಿ ಒಂದು ಸೆಂಟಿನ ತಪ್ಪೂ ಇರಲಿಲ್ಲ. ಅವನು ಹೇಳದೆ ಬಿಟ್ಟ ಮಾತು ಬೇರೆ. ಬ್ಯಾಂಕಿಗೆ ಇನ್ನೂರೋ ಇನ್ನೂರೈವತ್ತೋ ಶುಲ್ಕ ಕೊಟ್ಟು ಕಂತನ್ನು ಆರುನೂರ ಇಪ್ಪತ್ತೊಂಬತ್ತಕ್ಕೆ ಇಳಿಸಿಕೊಂಡು, ಸಂಬಳ ಬರುವಷ್ಟು ದಿನ ತಾವಾಗಿಯೇ ಹಳೆಯ ಏಳುನೂರ ತೊಂಬತ್ತೆಂಟನ್ನೇ ಕಟ್ಟಿದ್ದರೆ ಸಾಲ ಅದೇ ಹದಿನೈದು ವರ್ಷಕ್ಕೆ ಮುಗಿಯುತ್ತಿತ್ತು, ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ. ಕೆಟ್ಟ ತಿಂಗಳಲ್ಲಿ ಮಾತ್ರ ಸಣ್ಣ ಕಂತಿಗೆ ಇಳಿಯುವ ಹಕ್ಕು ಕೈಯಲ್ಲಿರುತ್ತಿತ್ತು. ಇದನ್ನು ಬ್ಯಾಂಕು ಹೇಳಲಿಲ್ಲ. ಓದಿದ ನಾವೂ ಹೇಳಲಿಲ್ಲ.

ಕಂತು ಇಳಿಸುವ ಮಾತೆತ್ತದೆ ವಾಹಿದ್ ಚೆಕ್ ಬರೆದ. ಇಲ್ಲಿನ ಚೆಕ್ಕಿನ ಕೆಳಮೂಲೆಯಲ್ಲಿ ಹಣ ಯಾತಕ್ಕೆಂದು ಬರೆಯಲು ಒಂದು ಗೆರೆ ಇರುತ್ತದಲ್ಲ, ಅಲ್ಲಿ ‘ಅಸಲಿಗೆ ಮಾತ್ರ’ ಎಂದು ಬರೆಯಬೇಕಿತ್ತು. ಅವನು ಅಲ್ಲಿ 786 ಎಂದು ಬರೆದ. ಬಿಸ್ಮಿಲ್ಲಾ ಅನ್ನುವುದನ್ನು ಅಂಕಿಯಲ್ಲಿ ಬರೆಯುವ ಪದ್ಧತಿ. ಅವನ ಪ್ರತಿ ಚೆಕ್ಕಿನ ಆ ಗೆರೆಯ ಮೇಲೂ ಅದೇ ಇರುತ್ತಿತ್ತು. ಬ್ಯಾಂಕು ತಿಂಗಳು ತಿಂಗಳು ಕಳಿಸುವ ಕಂತಿನ ಚೀಟಿಯಲ್ಲಿ ‘ಹೆಚ್ಚುವರಿ ಅಸಲು’ ಎಂಬ ಚೌಕವನ್ನು ಖಾಲಿ ಬಿಟ್ಟು, ಚೆಕ್ಕನ್ನು ಅದಕ್ಕೆ ಪಿನ್ ಮಾಡಿ ಕಳಿಸಿದ.

ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಅಳತೆ ನೋಡುವ ಅವನ ಕಣ್ಣಿಗೆ ಎರಡು ಸಾಲು ಚುಚ್ಚಿದವು. ಬಾಕಿ ಅಸಲು ಎಂಬತ್ತೊಂಬತ್ತು ಸಾವಿರಕ್ಕೆ ಇಳಿಯಬೇಕಿತ್ತು. ಒಂದು ಲಕ್ಷದ ಎಂಟು ಸಾವಿರ ಅಂತಿತ್ತು. ಮುಂದಿನ ಕಂತಿನ ತಾರೀಕು: 2009ರ ಏಪ್ರಿಲ್ ಒಂದು. ಬ್ಯಾಂಕು ಆ ಹಣವನ್ನು ಮೂವತ್ತು ಕಂತಿನ ಮುಂಗಡ ಎಂದು ಹಿಡಿದಿತ್ತು. ಇನ್ನೂ ಹುಟ್ಟದ ಬಡ್ಡಿಗೆ ಹತ್ತೊಂಬತ್ತು ಸಾವಿರ ನುಂಗಿತ್ತು.

“ನನ್ನ ಹೊಲ ಬಡ್ಡಿಗಿ ಹೋತಲ್ರೀ,” ಅಂದಳು ಅಸ್ಗರಿ.

ಫೋನಿನಲ್ಲಿ ಬ್ಯಾಂಕಿನವಳು ಚೆಕ್ಕಿನಲ್ಲಿ ಸೂಚನೆ ಇರಲಿಲ್ಲ ಅಂದಳು, ಆ 786 ನಿಮ್ಮ ಮನೆ ನಂಬರಾ ಎಂದು ಕೇಳಿದಳು. ವಾಹಿದ್ ಬಿಡಲಿಲ್ಲ. ನಾಲ್ಕು ಫೋನು ಮಾಡಿದ, ಮಗಳು ಮನಾಲ್ ಇಂಗ್ಲಿಷಿನಲ್ಲಿ ಬರೆದ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ. ಅಷ್ಟರ ನಡುವೆ ತಿಂಗಳ ಕಂತನ್ನೂ ನಿಲ್ಲಿಸಲಿಲ್ಲ. ಡಿಸೆಂಬರಿನಲ್ಲಿ ಬ್ಯಾಂಕು ತಪ್ಪು ತಿದ್ದಿ, ಚೆಕ್ ತಲುಪಿದ ದಿನಕ್ಕೇ ಜಮಾ ಮಾಡಿತು. ಜನವರಿಯ ಸ್ಟೇಟ್‌ಮೆಂಟನ್ನು ವಾಹಿದ್ ಪೆನ್ಸಿಲ್ ಹಿಡಿದು ತಾಳೆ ನೋಡಿದ. ಇಪ್ಪತ್ನಾಲ್ಕು ಸಾವಿರಕ್ಕೆ ಏಳು ಪರ್ಸೆಂಟ್ ಅಂದರೆ ತಿಂಗಳಿಗೆ ನೂರ ನಲವತ್ತು ಬಡ್ಡಿ ಇಳಿಯಬೇಕು. ಸೆಪ್ಟೆಂಬರಿನಲ್ಲಿ ಆರುನೂರ ಅರವತ್ತಿದ್ದ ಬಡ್ಡಿ ಐನೂರ ಹದಿನಾಲ್ಕಕ್ಕೆ ಬಂದಿತ್ತು: ನೂರ ನಲವತ್ತು ಈ ಹಣದಿಂದ, ಆರು ಡಾಲರ್ ನಡುವಿನ ಕಂತುಗಳಿಂದ. ಸರಿ ಇತ್ತು.

ಕಂತು ಮಾತ್ರ ಅದೇ ಏಳುನೂರ ತೊಂಬತ್ತೆಂಟು.

2008ರ ಫೆಬ್ರವರಿಯಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ವಾಹಿದ್‌ಗೆ ಐವತ್ತಾರು. ನಿರುದ್ಯೋಗ ಭತ್ಯೆ ಬಂದಷ್ಟು ದಿನ ಕಂತು ತಪ್ಪಲಿಲ್ಲ. ನವೆಂಬರಿಗೆ ಅದೂ ಮುಗಿಯಿತು. ಪೆಟ್ರೋಲ್ ಬಂಕಿನಲ್ಲಿ ಅರೆದಿನದ ಕೆಲಸ ಸಿಕ್ಕಿತು. ಆ ಸಂಬಳ ಊಟ, ಕರೆಂಟು, ಮನೆ ತೆರಿಗೆಗೆ. ಸಾಲಕ್ಕೆ ಉಳಿದದ್ದು ಅಸ್ಗರಿಯ ರೊಟ್ಟಿ. ಬೆಳಗಿನಿಂದ ಬಡಿದರೂ ತಿಂಗಳಿಗೆ ಆರುನೂರ ಐವತ್ತು ದಾಟಲಿಲ್ಲ.

ಆರುನೂರ ಇಪ್ಪತ್ತೊಂಬತ್ತಿಗೆ ಅದು ಸಾಕಾಗುತ್ತಿತ್ತು.

ಡಿಸೆಂಬರಿನಲ್ಲಿ ಆರುನೂರ ಐವತ್ತರ ಚೆಕ್ ಕಳಿಸಿದರು. ಅರೆಬರೆ ಕಂತು ತೆಗೆದುಕೊಳ್ಳುವುದಿಲ್ಲವೆಂದು ಬ್ಯಾಂಕು ವಾಪಸ್ ಕಳಿಸಿತು. ಜನವರಿಯದೂ ವಾಪಸ್. ಫೆಬ್ರವರಿಯಲ್ಲಿ ವಾಹಿದ್ ಫೋನ್ ಮಾಡಿ ಕಂತು ಇಳಿಸಿಕೊಡಿ ಎಂದು ಕೇಳಿದ. ನಮ್ಮ ನಿಯಮದ ಪ್ರಕಾರ ದೊಡ್ಡ ಮೊತ್ತ ಕಟ್ಟಿದಾಗಲೇ ಕೇಳಬೇಕಿತ್ತು, ಅದೂ ಬಾಕಿ ಇಲ್ಲದವರು, ಎಂಬ ಉತ್ತರ ಬಂತು. ಇಪ್ಪತ್ನಾಲ್ಕು ಸಾವಿರ ಮುಂದಾಗಿ ಕೊಟ್ಟವನು ತಿಂಗಳಿಗೆ ನೂರೈವತ್ತು ಕಡಿಮೆ ಬಿದ್ದದ್ದಕ್ಕೆ ಬಾಕಿದಾರನಾದ.

“ಅವರ ತಪ್ಪು ಹಂಗ ಬಿಟ್ಟಿದ್ರ,” ಅಂದ ವಾಹಿದ್, “ಬರೂ ಏಪ್ರಿಲ್‌ತನಕ ಒಂದ್ ಪೈಸಾನೂ ಕಟ್ಟೂದಿರ್ತಿರಲಿಲ್ಲ. ನಾನ ಜಗಳಾಡಿ ತಿದ್ದಿಸಿದೆ.”

“ಸಾಕು ಬಿಡ್ರಿ. ಕಳುವಾದ ರೊಕ್ಕ ತಿರುಗಿ ತಂದ್ರಿ, ಅದ್ರಾಗೇನು ತಪ್ಪು?” ಅಂದಳು ಅಸ್ಗರಿ. “ನಾ ಕೇಳಿದ್ದ ಬ್ಯಾರೆ ಇತ್ತು. ಅವತ್ತು ನೀವೆಲ್ಲಾರೂ ನಕ್ಕಿದ್ರಿ.”

ಮಾರೋಣವೆಂದರೆ ಸಾಲ ಎಂಬತ್ತೆರಡು ಸಾವಿರ ಉಳಿದಿತ್ತು, ಕೇಳುವವರು ಎಪ್ಪತ್ತು ಸಾವಿರ ಅನ್ನುತ್ತಿದ್ದರು. ರಘೋತ್ತಮ ಕ್ಷಮೆ ಕೇಳಿ ಐನೂರು ಡಾಲರ್ ತಂದ. ಅಷ್ಟು ಹೊತ್ತಿಗೆ ಬ್ಯಾಂಕು ಇಡೀ ಬಾಕಿ, ದಂಡ, ವಕೀಲರ ಖರ್ಚು ಒಟ್ಟಿಗೆ ಕೇಳುತ್ತಿತ್ತು. ಬೇಸಿಗೆಯಲ್ಲಿ ಕೌಂಟಿಯ ಶೆರಿಫ್ ಮನೆಯನ್ನು ಹರಾಜು ಹಾಕಿದ. ಬಿಡಿಸಿಕೊಳ್ಳಲು ಕಾನೂನು ಕೊಡುವ ಆರು ತಿಂಗಳು ಹಾಗೇ ಕಳೆದವು.

ಈಗ ಅವರು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದಾರೆ. ಬಾಡಿಗೆ ಏಳುನೂರ ಇಪ್ಪತ್ತು. ಮೊದಲ ಶುಕ್ರವಾರವೇ ಅಸ್ಗರಿ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟಳು. ಹತ್ತು ರೊಟ್ಟಿ ಆಗುವಷ್ಟರಲ್ಲಿ ಹೊಗೆಯ ಅಲಾರಂ ಕಿರುಚಿ ಇಡೀ ಮಹಡಿ ಹೊರಗೆ ಬಂತು. ಇನ್ನೊಮ್ಮೆ ಹೀಗಾದರೆ ಖಾಲಿ ಮಾಡಬೇಕೆಂದು ಮ್ಯಾನೇಜರ್ ಚೀಟಿ ಅಂಟಿಸಿ ಹೋದ. ಮರುದಿನ ರೊಟ್ಟಿಗೆ ಬಂದ ಮೂರು ಕಾರುಗಳನ್ನು ಅವಳು ಪಾರ್ಕಿಂಗಿನಲ್ಲೇ ನಿಲ್ಲಿಸಿ, ಆ ಹತ್ತನ್ನೇ ಹಂಚಿಕೊಟ್ಟು, ಇನ್ನು ಬರಬೇಡಿ ಅಂದಳು.