ಪರದೆಯ ಹಿಂದಿನ ನೈಟಿ

ನಡುಮನೆಯಲ್ಲಿ ಒದ್ದೆ ಬಟ್ಟೆ ಕಂಡರೆ ನಮ್ಮತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. "ಬಂದವ್ರು ನಮ್ಮ ಮುಖ ನೋಡ್ಬೇಕಾ, ಬನೀನು ನೋಡ್ಬೇಕಾ?" ಎನ್ನುವರು. ನಮ್ಮ ಫ್ಲ್ಯಾಟಿಗೆ ಬಾಲ್ಕನಿ ಇಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಸವೆದ ಅತ್ತೆ ಮನೆಗೂ ವಾರ್ಡಿನ ಉಪಾಯವನ್ನೇ ತಂದರು. ನಡುಮನೆಯ ಕಿಟಕಿಯಿಂದ ಎರಡು ಮೊಳ ಈಚೆಗೆ ಚಾವಣಿಯಿಂದ ನೆಲದವರೆಗೆ ಬಿಳಿ ಪರದೆ, ಹಿಂದೆ ಬಟ್ಟೆಯ ಕಂಬಿ.

ಅಂಗಿಗಳು ಹ್ಯಾಂಗರಿನಲ್ಲಿ, ನಡುನಡುವೆ ಕೈ ತೂರುವಷ್ಟು ಜಾಗ. ಯಾವುದೂ ಪರದೆಗೆ ತಾಗಬಾರದು, ತಾಗಿದರೆ ಕಲೆ. ಕಿಟಕಿ ಚೂರು ತೆರೆದು, ಕೆಳಗೊಂದು ಫ್ಯಾನಿಟ್ಟರೆ ಮುಗಿಯಿತು. ಒದ್ದೆ ಬಟ್ಟೆ ಭಾರಕ್ಕೆ ಅಲುಗದೆ ಗಪ್‌ಚಿಪ್ಪಾಗಿ ನೇತಿರುತ್ತದೆ. "ಗಾಳಿಗೆ ಅಲ್ಲಾಡೋಕೆ ಶುರು ಮಾಡ್ತಾ? ಒಣಗ್ತು ಅಂತ ತಿಳ್ಕೋ" ಎಂದು ನನಗೆ ಕಲಿಸಿದವರು ಅವರೇ.

ಅತ್ತೆ ತೀರಿಹೋದರು. ಅವರ ನೀಲಿ ನೈಟಿಯನ್ನು ಎಸೆಯಲು ಮನಸ್ಸಾಗದೆ ನಾನೇ ಹಾಕಿಕೊಳ್ಳುತ್ತಿದ್ದೆ. ಒಗೆದಾಗ ಅದನ್ನು ಕಂಬಿಯ ಕೊನೆಯ ಕೊಕ್ಕೆಗೆ ಅಗಲವಾಗಿ ಹಾಕುತ್ತಿದ್ದೆ.

ಒಂದು ಸಂಜೆ ಮಾವ ಮಾತ್ರೆ ಹಿಡಿದು ಪರದೆಯ ಮುಂದೆ ಕೂತಿದ್ದರು. ಬಸ್ಸು ಓಡಿಸಿದ ಕಣ್ಣು, ಈಗ ಪೊರೆ ಬಂದು ಮಂಜು. ಹಿಂದಿನ ಬಿಸಿಲಿಗೆ ಪರದೆಯ ಮೇಲೆ ನೈಟಿಯ ನೆರಳು ಹೆಂಗಸೊಬ್ಬಳು ನಿಂತಂತೆ ಬಿದ್ದಿತ್ತು.

"ನುಂಗ್ಲೇನೇ?" ಎಂದರು ಮಾವ. ನೆರಳು ಅಲುಗಿತು. ಮಾವ ನುಂಗಿದರು.

ಅದು ನೈಟಿ ಎಂದು ಹೇಳಲು ಬಾಯಿ ತೆರೆದೆ. ಆದರೆ ಅತ್ತೆ ಹೋದಾಗಿನಿಂದ ನಾವು ಕಾಲು ಹಿಡಿದರೂ ಮುಟ್ಟದಿದ್ದ ಹೃದಯದ ಮಾತ್ರೆ ಅದು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅಂದಿನಿಂದ ನೈಟಿ ಕೊಳೆಯಾಗದಿದ್ದರೂ ದಿನವೂ ಒಗೆದೆ. ಮಾತ್ರೆಯ ಹೊತ್ತಿಗೆ ಅದು ಒಣಗಿ ಅಲುಗುವಂತೆ ಫ್ಯಾನು ತಿರುಗಿಸಿಡುತ್ತಿದ್ದೆ. ಸತ್ತವರ ಬಟ್ಟೆಯಿಂದ ಹೂಂ ಅನ್ನಿಸುವುದು ಹೇಸಿಗೆಯ ಕೆಲಸ, ನಿಜ. ಮಾವ ಬದುಕಿದ್ದರಲ್ಲ!

ನಿನ್ನೆ ಬೆಳಗ್ಗೆ ನಲ್ಲಿಯಲ್ಲಿ ನೀರಿರಲಿಲ್ಲ. ಒಗೆದದ್ದೇ ಸಂಜೆ. ನೈಟಿಯನ್ನು ಕೊಕ್ಕೆಗೆ ಹಾಕಿ, ತೊಟ್ಟಿಕ್ಕುತ್ತಿದ್ದ ನೀರಿಗೆ ಕೆಳಗೆ ತಟ್ಟೆ ಇಟ್ಟೆ. ಹೊರಗೆ ಧೂಳೆಂದು ಕಿಟಕಿಯ ಗಾಜು ಮುಚ್ಚಿದೆ. ಅಷ್ಟರಲ್ಲಿ ಕರೆಂಟೂ ಹೋಯಿತು. ಇವತ್ತು ಮಾತ್ರೆ ನುಂಗಿಸಿದ ಹಾಗೇ ಎಂದುಕೊಂಡೆ.

ಮಾವ ಬಂದು ಕೂತರು. ಅಂಗೈಯಲ್ಲಿ ಮಾತ್ರೆ. ಆದರೆ ಕೇಳಿದ್ದೇ ಬೇರೆ.

"ಸಾಕಾಯ್ತು ಕಣೇ. ನಾನೂ ಬಂದ್ಬಿಡ್ಲಾ?"

ಪಕ್ಕದ ಟವೆಲ್ಲುಗಳು ಮಿಸುಕಲಿಲ್ಲ. ನೈಟಿಯ ನೆರಳು ಮುಂದೆ ಬಾಗಿತು. ಹಿಂದೆ ಹೋಯಿತು. ಮತ್ತೆ ಬಾಗಿತು.

ನಾನು ಪರದೆ ಸರಿಸಿ ಒಳನುಗ್ಗಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದೆ. ತಣ್ಣಗೆ, ಹಿಂಡಿದರೆ ನೀರು ಸುರಿಯುವಷ್ಟು ಭಾರವಾಗಿತ್ತು. ನನ್ನ ಕೈಯೊಳಗೂ ಜಗ್ಗುತ್ತಿತ್ತು. ಭಯಕ್ಕೆ ಅಳು ಬಂತು.

"ಬೇಡ ಅಂತಿದಾರೆ ಮಾವ! ಬರ್ಬೇಡಿ ಅಂತಿದಾರೆ!"

"ಅದು ನೀನು ಹೇಳಿದ್ದಮ್ಮ," ಎಂದರು ಮಾವ, ತುಂಬಾ ಮೆತ್ತಗೆ. "ಅವಳು ಹೇಳಿದ್ದನ್ನ ನಾನು ನೋಡ್ದೆ."

ಅವರು ಮಾತ್ರೆಯನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದರು.